20 ಲಕ್ಷ ದಾಟಿದರೆ ಸಂಪಾದನೆ ಕಮ್ಮಿ ಆಗುತ್ತಾ? ಒಂದು ತಿಂಡಿ ಹೋಟೆಲಿನ ಜಿಎಸ್‌ಟಿ ಲೆಕ್ಕ

ಪ್ರಶ್ನೆ: ಸರ್, ನಾನು, ನನ್ನ ಹೆಂಡತಿ ಸೇರಿ ಅರಸೀಕೆರೆಯಲ್ಲಿ ತಿಂಡಿ ಹೋಟೆಲ್ ನಡೆಸ್ತಿದ್ದೀವಿ. ವರ್ಷಕ್ಕೆ ಹತ್ತಿರ ಹತ್ತಿರ 19 ಲಕ್ಷ ವ್ಯಾಪಾರ. ಜಿಎಸ್‌ಟಿ ನಂಬರ್ ಇಲ್ಲ. ಪಕ್ಕದ ಗಾರ್ಮೆಂಟ್ಸ್‌ನವರು ಬರೋ ಏಪ್ರಿಲ್‌ನಿಂದ ದಿನಾ 40 ತಿಂಡಿ ಕೊಡಿ ಅಂತಿದ್ದಾರೆ, ಒಂದಕ್ಕೆ 35 ರೂಪಾಯಿ. ವರ್ಷಕ್ಕೆ 4 ಲಕ್ಷ ಆಗಬಹುದು. 20 ಲಕ್ಷದ ಮೇಲೆ ಒಂದು ರೂಪಾಯಿ ಆದರೂ ಇಡೀ 20 ಲಕ್ಷಕ್ಕೆ ತೆರಿಗೆ ಬೀಳುತ್ತೆ ಅಂತ ಒಬ್ಬರು ಹೇಳ್ತಾರೆ. ಹೆಂಡತಿ ಹೆಸರಲ್ಲಿ ಇನ್ನೊಂದು ಸ್ಕ್ಯಾನರ್ ಇಟ್ಕೊಳ್ಳಿ ಅಂತ ಇನ್ನೊಬ್ಬರು. ನಗದು ತಗೊಂಡ್ರೆ ಲೆಕ್ಕಕ್ಕೇ ಬರಲ್ಲ ಅಂತ ಮತ್ತೊಬ್ಬರು. ಈ ಆರ್ಡರ್ ಹಿಡಿಯೋದಾ, ಬಿಡೋದಾ?

ಉತ್ತರ: ಹಿಡಿಯಬಹುದು. ಆದರೆ 35 ರೂಪಾಯಿಗೆ ಬೇಡ. ಯಾಕೆ ಅನ್ನುವುದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕು.

ಮೊದಲು ಆ ಒಂದು ರೂಪಾಯಿ ಮಾತು. ಅದರಲ್ಲಿ ಅರ್ಧ ಸುಳ್ಳು, ಅರ್ಧ ನಿಜ. ಕಾನೂನಿನಲ್ಲಿ ಇರುವುದು ಹೀಗೆ: ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ವರ್ಷದಲ್ಲಿ ನಿಮ್ಮ ವಹಿವಾಟು ಯಾವ ದಿನ 20 ಲಕ್ಷ ಮೀರುತ್ತದೋ, ಆ ದಿನದಿಂದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಗಡುವಿನೊಳಗೆ ಹಾಕಿದರೆ, ಮೀರಿದ ದಿನದಿಂದ ಆಚೆಗಿನ ವ್ಯಾಪಾರಕ್ಕೆ ಮಾತ್ರ ತೆರಿಗೆ. ಅದಕ್ಕೆ ಮುಂಚೆ ಮಾರಿದ 20 ಲಕ್ಷವನ್ನು ಯಾರೂ ಮುಟ್ಟುವುದಿಲ್ಲ. ಇದು ಸುಳ್ಳಿನ ಅರ್ಧ.

ನಿಜದ ಅರ್ಧ ಮುಂದಿನ ಏಪ್ರಿಲ್‌ನಲ್ಲಿ ಕಾಣುತ್ತದೆ. ಒಮ್ಮೆ ನೋಂದಣಿ ಆದಮೇಲೆ ಹೊಸ ವರ್ಷದ ಮೊದಲ ಇಡ್ಲಿಯಿಂದಲೇ ತೆರಿಗೆ ಶುರು. ಆದಾಯ ತೆರಿಗೆಯಲ್ಲಿ ಸ್ಲ್ಯಾಬ್ ಇರುತ್ತದಲ್ಲ, ಮೇಲಿನ ಸ್ಲ್ಯಾಬಿಗೆ ಹೋದ ಹಣಕ್ಕೆ ಮಾತ್ರ ಜಾಸ್ತಿ ದರ, ಆ ಏರ್ಪಾಡು ಇಲ್ಲಿ ಇಲ್ಲ. 19,90,000 ವ್ಯಾಪಾರ ಮಾಡುವವನಿಗೆ ತೆರಿಗೆ ಸೊನ್ನೆ. 20,10,000 ಮಾಡುವವನಿಗೆ ವರ್ಷವಿಡೀ, ಪೂರ್ತಿ ಮೊತ್ತದ ಮೇಲೆ. ಹೋಟೆಲಿಗೆ ದರ 5%, ಅಂದರೆ ಒಂದು ಲಕ್ಷಕ್ಕೂ ಸ್ವಲ್ಪ ಜಾಸ್ತಿ. ವ್ಯಾಪಾರ 20 ಸಾವಿರ ಹೆಚ್ಚಾದದ್ದಕ್ಕೆ ಖರ್ಚು ಒಂದು ಲಕ್ಷ ಹೆಚ್ಚಾಯಿತು. ಮಿತಿಯ ಆಚೆ ಬದಿಯಲ್ಲಿ ಹಳ್ಳ ಇದೆ ಅಂತ ಜನ ಹೆದರುವುದು ಇದಕ್ಕೇ. ಆ ಹೆದರಿಕೆಯಲ್ಲಿ ಹುರುಳಿದೆ.

ಹಳ್ಳ ಎಷ್ಟು ಆಳ, ಎಷ್ಟು ಅಗಲ ಅನ್ನುವುದನ್ನು ಅಳೆಯಬಹುದು. ನಿಮ್ಮ ಖರ್ಚಿನ ವಿವರ ನೀವು ಬರೆದಿಲ್ಲ. ಹಾಗಾಗಿ ಈ ಗಾತ್ರದ ಹೋಟೆಲ್‌ಗಳ ಪುಸ್ತಕದಲ್ಲಿ ನಾನು ನೋಡುವಂಥ ಅಂಕಿ ಇಟ್ಟುಕೊಳ್ಳುತ್ತೇನೆ. ನಿಮ್ಮದನ್ನು ಅದರ ಜಾಗದಲ್ಲಿ ಹಾಕಿ ನೋಡಿ.

ವ್ಯಾಪಾರ 19 ಲಕ್ಷ, ದಿನಕ್ಕೆ ಸುಮಾರು 5,200. ಅದರಲ್ಲಿ ಅರ್ಧ ದಿನಸಿ, ಎಣ್ಣೆ, ತರಕಾರಿ, ಹಾಲಿಗೆ ಹೋಗುತ್ತದೆ. ಗ್ಯಾಸ್ ಸಿಲಿಂಡರ್, ಪಾರ್ಸೆಲ್ ಕವರ್, ಪೇಪರ್ ತಟ್ಟೆ ಸೇರಿ ಇನ್ನೊಂದು 10%. ಉಳಿದ 40% ಅಂದರೆ 7.6 ಲಕ್ಷ. ಅದರಲ್ಲಿ ಬಾಡಿಗೆ ತಿಂಗಳಿಗೆ 12,000 ಅಂದುಕೊಂಡರೆ ವರ್ಷಕ್ಕೆ 1.44 ಲಕ್ಷ. ಇಬ್ಬರು ಕೆಲಸದವರು, ಕರೆಂಟು, ರಿಪೇರಿ ಎಲ್ಲಾ ಸೇರಿ ಸುಮಾರು 3.16 ಲಕ್ಷ. ಕೊನೆಗೆ ನಿಮ್ಮಿಬ್ಬರ ಕೈಗೆ 3 ಲಕ್ಷ, ತಿಂಗಳಿಗೆ 25,000.

ಇಲ್ಲಿ ಒಂದು ವಿಷಯ ಗಮನಿಸಿ. ಬಾಡಿಗೆ, ಕೂಲಿ ಮೊದಲೇ ಕೊಟ್ಟಾಗಿದೆ. ಹಾಗಾಗಿ ಹೊಸದಾಗಿ ಬರುವ ಪ್ರತಿ 100 ರೂಪಾಯಿ ವ್ಯಾಪಾರದಲ್ಲಿ 40 ರೂಪಾಯಿ ನೇರ ನಿಮ್ಮದು. ತೆರಿಗೆ ಇಲ್ಲದೆ ಸರಿಯಾಗಿ 20 ಲಕ್ಷ ಮುಟ್ಟಿ ನಿಂತರೆ ಕೈಗೆ 3.4 ಲಕ್ಷ ಬರುತ್ತದೆ.

ಈಗ ವ್ಯಾಪಾರ 21 ಲಕ್ಷ ಆಯಿತು ಅಂದುಕೊಳ್ಳಿ, ಬೆಲೆ ಏರಿಸಲಿಲ್ಲ. ತೆರಿಗೆಗೆ ಮುಂಚೆ 3.8 ಲಕ್ಷ. 5% ತೆರಿಗೆ 1.05 ಲಕ್ಷ. ರಿಟರ್ನ್ ಹಾಕುವವರಿಗೆ ವರ್ಷಕ್ಕೆ 10,000 ಇಟ್ಟುಕೊಳ್ಳೋಣ. ಉಳಿದದ್ದು 2.65 ಲಕ್ಷ. 19 ಲಕ್ಷ ವ್ಯಾಪಾರ ಮಾಡುತ್ತಿದ್ದಾಗ 3 ಲಕ್ಷ ಸಿಗುತ್ತಿತ್ತು. ಎರಡು ಲಕ್ಷದ ದೋಸೆ ಜಾಸ್ತಿ ಹುಯ್ದು 35,000 ಕಳೆದುಕೊಂಡ ಹಾಗಾಯಿತು.

ಹೀಗೇ ಮುಂದಕ್ಕೆ ಹೋದರೆ 22 ಲಕ್ಷದ ಹತ್ತಿರ ಮತ್ತೆ 3 ಲಕ್ಷಕ್ಕೆ ಬರುತ್ತೀರಿ. 20 ಲಕ್ಷದ ಅಂಚಿನಲ್ಲಿ ಸಿಗುತ್ತಿದ್ದ 3.4 ಲಕ್ಷ ವಾಪಸ್ ಬರಬೇಕಾದರೆ ವ್ಯಾಪಾರ 23.15 ಲಕ್ಷ ಮುಟ್ಟಬೇಕು. ದಿನದ ಗಲ್ಲಾ ಲೆಕ್ಕದಲ್ಲಿ 5,480ರಿಂದ 6,340ಕ್ಕೆ. ಈ ನಡುವಿನ 860 ರೂಪಾಯಿಯೇ ನಿಮ್ಮ ಹಳ್ಳದ ಅಗಲ. ಇದರೊಳಗೆ ನಿಂತವರು ಜಾಸ್ತಿ ದುಡಿದು ಕಮ್ಮಿ ಗಳಿಸುತ್ತಾರೆ. ಇದನ್ನು ದಾಟಿದವರಿಗೆ ಮತ್ತೆ ಪ್ರತಿ 100ಕ್ಕೆ 35 ರೂಪಾಯಿ ಉಳಿಯುತ್ತದೆ.

ಈ ಅಗಲ ಎಲ್ಲ ವ್ಯಾಪಾರಕ್ಕೂ ಒಂದೇ ಇರುವುದಿಲ್ಲ. ಬರೀ ಸರಕು ಮಾರುವ ಅಂಗಡಿಗೆ ಕರ್ನಾಟಕದಲ್ಲಿ ಮಿತಿ 40 ಲಕ್ಷ. ಸಣ್ಣವರು ಒಟ್ಟು ವ್ಯಾಪಾರದ ಮೇಲೆ ಒಂದು ನಿಗದಿ ದರ ಕಟ್ಟುವ ಏರ್ಪಾಡಿಗೆ ಕಾಂಪೋಸಿಷನ್ ಸ್ಕೀಮ್ ಅನ್ನುತ್ತಾರೆ, ಅದನ್ನು ತೆಗೆದುಕೊಂಡರೆ ಅವರು 1% ಕಟ್ಟಿ ಮುಗಿಸಬಹುದು. 40 ಲಕ್ಷಕ್ಕೆ ಹೆಚ್ಚೆಂದರೆ 40,000. ಅವರದು ಹಳ್ಳ ಅನ್ನುವುದಕ್ಕಿಂತ ಒಂದು ಕುಳಿ ಅಷ್ಟೆ. ಕೊಳ್ಳುವವರೆಲ್ಲ ಜಿಎಸ್‌ಟಿ ಇರುವ ಕಂಪನಿಗಳೇ ಆಗಿದ್ದರೆ ಅದೂ ಇಲ್ಲ. ಅವರು ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದು ಕ್ರೆಡಿಟ್ ತೆಗೆದುಕೊಳ್ಳುತ್ತಾರೆ, ನಂಬರ್ ಇಲ್ಲದವರಿಂದ ಕೊಳ್ಳುವುದೇ ಅವರಿಗೆ ಕಿರಿಕಿರಿ. ಹೋಟೆಲ್ ಹಾಗಲ್ಲ. ಊಟ ತಿಂಡಿ ಕಾನೂನಿನಲ್ಲಿ ಸೇವೆ. ಮಿತಿ 20 ಲಕ್ಷ. ತಿನ್ನುವವರು ಸಾಮಾನ್ಯ ಜನ, ಅವರಿಗೆ ಕ್ರೆಡಿಟ್ ಬೇಕಿಲ್ಲ. ಕಾಂಪೋಸಿಷನ್‌ಗೆ ಹೋದರೂ ದರ 5%, ಸಾಮಾನ್ಯ ನೋಂದಣಿ ಅಂದರೆ ರೆಗ್ಯುಲರ್‌ನಲ್ಲೂ 5%. ರೆಗ್ಯುಲರ್‌ನಲ್ಲಿ ಇದ್ದರೂ ನೀವು ಎಣ್ಣೆ, ಗ್ಯಾಸಿನ ಮೇಲೆ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಹಾಗಿಲ್ಲ. ಸಣ್ಣ ವ್ಯಾಪಾರಗಳಲ್ಲಿ ಈ ಮಿತಿಯಿಂದ ಜಾಸ್ತಿ ಪೆಟ್ಟು ತಿನ್ನುವವರಲ್ಲಿ ಹೋಟೆಲಿನವರೂ ಸೇರುತ್ತಾರೆ.

ಮಿತಿ ಅಂತ ಯಾಕೆ ಇಟ್ಟರು ಅಂದರೆ, ತೀರಾ ಸಣ್ಣವರಿಂದ ಸಿಗುವ ತೆರಿಗೆಗಿಂತ ಅದನ್ನು ವಸೂಲಿ ಮಾಡುವ ಖರ್ಚೇ ಜಾಸ್ತಿ. ಅದು ಸರಿಯೇ. ಆದರೆ ಎಲ್ಲಿ ಗೆರೆ ಎಳೆದರೂ ಗೆರೆಯ ಈ ಕಡೆ ಸೊನ್ನೆ, ಆ ಕಡೆ ಪೂರ್ತಿ. ಬ್ರಿಟನ್‌ನಲ್ಲಿ ವ್ಯಾಟ್ ಮಿತಿ 90,000 ಪೌಂಡ್. ಅಲ್ಲೂ ಆ ಮೊತ್ತಕ್ಕೆ ಸ್ವಲ್ಪ ಕೆಳಗೆ ವ್ಯಾಪಾರಿಗಳ ದೊಡ್ಡ ಗುಂಪೇ ನಿಂತಿರುವುದು ಅಂಕಿ ಅಂಶದಲ್ಲಿ ಕಾಣುತ್ತದೆ. ನಮ್ಮಲ್ಲಿ ಇನ್ನೊಂದು ತೊಂದರೆ ಸೇರಿಕೊಂಡಿದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಮಿತಿ 20 ಲಕ್ಷ ಇತ್ತು. 2019ರ ಏಪ್ರಿಲ್‌ನಲ್ಲಿ ಸರಕಿನವರಿಗೆ 40 ಲಕ್ಷ ಮಾಡಿದರು. ಸೇವೆಯವರಿಗೆ ಅದೇ 20 ಲಕ್ಷ ಉಳಿಯಿತು. ಅಲ್ಲಿಂದ ಇಲ್ಲಿಯವರೆಗೆ ಉದ್ದಿನಬೇಳೆ, ಹಾಲು, ಗ್ಯಾಸ್, ಕೂಲಿ ಎಲ್ಲಾ ಏರಿವೆ, ತಿಂಡಿ ರೇಟೂ ಏರಿದೆ. ಅಷ್ಟೇ ತಟ್ಟೆ ಮಾರುತ್ತಿರುವವರು ಬರೀ ರೇಟ್ ಏರಿದ್ದಕ್ಕೆ ಮಿತಿಯ ಹತ್ತಿರ ಬಂದುಬಿಟ್ಟಿದ್ದಾರೆ. ನೀವು ಈ ಆರ್ಡರ್ ಬಿಟ್ಟರೂ, ಒಂದೆರಡು ಸಲ ರೇಟ್ ಏರಿಸಿದರೆ 20 ಲಕ್ಷ ತಾನಾಗೇ ಬರುತ್ತದೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಇನ್ನು ನಗದು ಮತ್ತು ಸ್ಕ್ಯಾನರ್ ವಿಷಯ.

ವಹಿವಾಟು ಅಂದರೆ ಮಾರಿದ್ದು. ದುಡ್ಡು ಗಲ್ಲಾಕ್ಕೆ ಬಂತೋ ಫೋನಿಗೆ ಬಂತೋ ಕಾನೂನು ನೋಡುವುದಿಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಈಚಿನ ಯುಪಿಐ ಮಾಹಿತಿ ಇಟ್ಟುಕೊಂಡು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯವರಿಗೆ ನೋಟಿಸ್ ಕೊಟ್ಟಾಗ ಸುಮಾರು ಅಂಗಡಿಗಳಲ್ಲಿ ಸ್ಕ್ಯಾನರ್ ತೆಗೆದು ‘ನಗದು ಮಾತ್ರ’ ಅಂತ ಬೋರ್ಡ್ ಹಾಕಿದ್ದರು. ಅದರಿಂದ ವಹಿವಾಟು ಕಮ್ಮಿ ಆಗಲಿಲ್ಲ, ದಾಖಲೆ ಕಮ್ಮಿ ಆಯಿತು ಅಷ್ಟೆ. ಆ ನೋಟಿಸ್‌ಗಳ ಮೊತ್ತ ಅಷ್ಟು ದೊಡ್ಡದಾಗಿ ಕಂಡದ್ದಕ್ಕೆ ಕಾರಣ ಇತ್ತು. ಫೋನಿಗೆ ಬಂದದ್ದೆಲ್ಲ ವ್ಯಾಪಾರವೇ ಇರಬೇಕಿಲ್ಲ. ಕೈಸಾಲ, ಚೀಟಿ ದುಡ್ಡು, ಮನೆಯವರು ಕಳಿಸಿದ್ದು ಎಲ್ಲಾ ಅದರಲ್ಲೇ ಇರುತ್ತದೆ. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರಿದ್ದೂ ಇರುತ್ತದೆ. ಜೊತೆಗೆ, ಸಮಯಕ್ಕೆ ನೋಂದಣಿ ಮಾಡಿಸದವರಿಗೆ ಹಿಂದಿನ ಅವಧಿಗೆ ಕಾಂಪೋಸಿಷನ್ ಸಿಗುವುದಿಲ್ಲ. 1% ಕಟ್ಟಿ ಮುಗಿಸಬಹುದಿದ್ದ ಅಂಗಡಿಗೆ ಪೂರ್ತಿ ದರ ಬೀಳುತ್ತದೆ. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಳ್ಳಿ, ಹಳೆ ಬಾಕಿಗೆ ಒತ್ತಾಯ ಇಲ್ಲ ಅಂತ ಹೇಳಿದರು. ಆ ಸಲ ಹಾಗಾಯಿತು ಅಂತ ಮುಂದೆಯೂ ಆಗುತ್ತದೆ ಅಂದುಕೊಂಡು ವ್ಯಾಪಾರ ಮಾಡಬೇಡಿ.

ನಿಮ್ಮ ವಿಷಯದಲ್ಲಂತೂ ನಗದಿನ ಉಪಾಯ ನಡೆಯುವುದೇ ಇಲ್ಲ. ಗಾರ್ಮೆಂಟ್ಸ್‌ನವರು ಬ್ಯಾಂಕಿನ ಮೂಲಕ ಕೊಡುತ್ತಾರೆ. ವರ್ಷಕ್ಕೆ 4 ಲಕ್ಷದ ಕೇಟರಿಂಗ್ ಅಂದರೆ ಸಾಮಾನ್ಯವಾಗಿ 1% ಟಿಡಿಎಸ್ ಹಿಡಿದು ನಿಮ್ಮ ಪ್ಯಾನ್ ನಂಬರಿಗೆ ದಾಖಲಿಸುತ್ತಾರೆ. ಅವರ ಖಾತೆಯಲ್ಲೂ ನಿಮ್ಮ ಹೆಸರು, ಆದಾಯ ತೆರಿಗೆಯಲ್ಲೂ ನಿಮ್ಮ ಹೆಸರು.

ಹೆಂಡತಿಯ ಹೆಸರಿನ ಸ್ಕ್ಯಾನರ್ ಇದಕ್ಕಿಂತ ಅಪಾಯ. ಕಾನೂನು ವಹಿವಾಟನ್ನು ಒಂದು ಪ್ಯಾನ್‌ಗೆ ಒಂದು ಅಂತ ಲೆಕ್ಕ ಹಾಕುತ್ತದೆ, ನಿಜ. ನಿಮ್ಮ ಮನೆಯವರು ಬೇರೆಯಾಗಿಯೇ ಒಂದು ವ್ಯಾಪಾರ ಮಾಡಿದರೆ ಅವರಿಗೆ ಅವರದೇ 20 ಲಕ್ಷದ ಮಿತಿ ಇದೆ, ಅದೂ ನಿಜ. ಆದರೆ ಬೇರೆ ಅಂದರೆ ನಿಜವಾಗಿ ಬೇರೆ ಇರಬೇಕು. ಬೇರೆ ಒಲೆ, ಬೇರೆ ದಿನಸಿ ಬಿಲ್, ಬೇರೆ ಬ್ಯಾಂಕ್ ಖಾತೆ, ಆಹಾರ ಪರವಾನಗಿ ಅವರ ಹೆಸರಲ್ಲಿ, ಗಾರ್ಮೆಂಟ್ಸ್ ಜೊತೆಗಿನ ಮಾತುಕತೆ ಅವರದೇ. ಒಂದೇ ಅಡುಗೆಮನೆ, ಒಂದೇ ಬಾಡಿಗೆ ಕರಾರು, ಅದೇ ಇಬ್ಬರು ಕೆಲಸದವರು, ಕೌಂಟರ್ ಮೇಲೆ ಎರಡು ಸ್ಕ್ಯಾನರ್. ಇದನ್ನು ಕಂಡ ಅಧಿಕಾರಿ ಎರಡನ್ನೂ ಕೂಡಿಸಿಯೇ ಬರೆಯುತ್ತಾರೆ. ಆಮೇಲೆ ಅದು ತಡವಾದ ನೋಂದಣಿ ಅನ್ನಿಸಿಕೊಳ್ಳುವುದಿಲ್ಲ, ಮುಚ್ಚಿಟ್ಟದ್ದು ಅನ್ನಿಸಿಕೊಳ್ಳುತ್ತದೆ. ಬಾಕಿ ತೆರಿಗೆ, ವರ್ಷಕ್ಕೆ 18% ಬಡ್ಡಿ, ಮೇಲೆ ತೆರಿಗೆಯಷ್ಟೇ ದಂಡ. ಒಂದು ಲಕ್ಷ ಉಳಿಸಲು ಹೋಗಿ ಎರಡು ಲಕ್ಷಕ್ಕೂ ಜಾಸ್ತಿ ಕೊಡಬೇಕಾಗುತ್ತದೆ. ಆ ಎರಡು ಲಕ್ಷವನ್ನು ಗಿರಾಕಿಯಿಂದ ಕೇಳುವ ಹಾಗೂ ಇಲ್ಲ, ಅವರು ತಿಂದು ಹೋಗಿ ವರ್ಷ ಆಗಿರುತ್ತದೆ.

20 ಲಕ್ಷದಲ್ಲಿ ಏನೇನು ಸೇರುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ. ಹೋಟೆಲಿನಲ್ಲೇ ಹಾಲಿನ ಪ್ಯಾಕೆಟ್ ಮಾರುತ್ತಿದ್ದರೆ ಅದಕ್ಕೆ ತೆರಿಗೆ ಇಲ್ಲ, ಆದರೂ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಹೆಸರಿನ ಮನೆ ಬಾಡಿಗೆಗೆ ಕೊಟ್ಟಿದ್ದರೆ ಆ ಬಾಡಿಗೆಯೂ ಸೇರುತ್ತದೆ. ಆ್ಯಪ್ ಮೂಲಕ ಊಟ ಮಾರಿದರೆ ತೆರಿಗೆ ಕಟ್ಟುವುದು ಆ ಕಂಪನಿಯೇ, ಆದರೆ ಮೊತ್ತ ನಿಮ್ಮ ವಹಿವಾಟಿಗೇ ಬರುತ್ತದೆ. ಕೌಂಟರ್‌ನಲ್ಲಿ ಬಿಸ್ಕೆಟ್, ಚಿಪ್ಸ್ ಇಟ್ಟಿದ್ದೇವೆ, ಹಾಗಾಗಿ ನಮಗೆ 40 ಲಕ್ಷದ ಮಿತಿ ಅಂತ ಕೆಲವರು ವಾದ ಮಾಡುತ್ತಾರೆ. ಅದು ಬರೀ ಸರಕು ಮಾರುವವರಿಗೆ. ತಿಂಡಿಯೂ ಇದ್ದರೆ 20 ಲಕ್ಷವೇ.

ಈಗ ನಿಮ್ಮ ಮುಂದಿರುವ ದಾರಿಗಳು.

ಆರ್ಡರ್ ಬಿಟ್ಟು 19-20 ಲಕ್ಷದಲ್ಲೇ ನಿಲ್ಲಬಹುದು. ಭಾನುವಾರ ಬಾಗಿಲು ಹಾಕಿ, ಸಂಜೆ ಬೇಗ ಮುಚ್ಚಿ, ನಿಜವಾಗಿಯೇ ಕಮ್ಮಿ ಮಾರಿದರೆ ಅದರಲ್ಲಿ ತಪ್ಪೇನಿಲ್ಲ. ವ್ಯಾಪಾರ ಕಮ್ಮಿ ಮಾಡುವುದು ಕಾನೂನುಬದ್ಧ, ಕಮ್ಮಿ ತೋರಿಸುವುದು ಅಲ್ಲ. ವಯಸ್ಸಾದವರಿಗೆ, ನೋಡಿಕೊಳ್ಳಲು ಮಕ್ಕಳು ಇಲ್ಲದವರಿಗೆ ನಾನೇ ಹಾಗೆ ಮಾಡಿ ಅಂತ ಹೇಳಿದ್ದೂ ಇದೆ. ಆದರೆ ರೇಟ್ ಏರುತ್ತಾ ಹೋದರೆ ಇದು ಒಂದೆರಡು ವರ್ಷದ ಮಾತು, ಆಗಲೇ ಹೇಳಿದೆನಲ್ಲ.

ಆರ್ಡರ್ ಹಿಡಿದರೆ ಏನಾಗುತ್ತದೆ ನೋಡೋಣ. ಏಪ್ರಿಲ್‌ನಿಂದ ತಿಂಗಳಿಗೆ ಹೋಟೆಲಿನದು 1.58 ಲಕ್ಷ, ಗಾರ್ಮೆಂಟ್ಸ್‌ನದು ಸುಮಾರು 33,000. ಒಟ್ಟು 1.92 ಲಕ್ಷ. ಹೀಗೆ ಹೋದರೆ ಫೆಬ್ರವರಿ ಮಧ್ಯದ ಹೊತ್ತಿಗೆ 20 ಲಕ್ಷ ಮೀರುತ್ತೀರಿ. ಅಲ್ಲಿಯವರೆಗೆ ತೆರಿಗೆ ಇಲ್ಲ. ಉಳಿದ ಒಂದೂವರೆ ತಿಂಗಳ ಸುಮಾರು 3 ಲಕ್ಷ ವ್ಯಾಪಾರಕ್ಕೆ 15,000 ಆಗಬಹುದು. ವರ್ಷದ ಕೊನೆಗೆ ಕೈಗೆ ಹೆಚ್ಚುಕಮ್ಮಿ 4.45 ಲಕ್ಷ. ಚೆನ್ನಾಗಿದೆ ಅನ್ನಿಸುತ್ತದೆ. ಎರಡನೇ ವರ್ಷ, ಅದೇ 23 ಲಕ್ಷ, ಅದೇ ದುಡಿಮೆ: 4.6 ಲಕ್ಷದಲ್ಲಿ 1.15 ಲಕ್ಷ ತೆರಿಗೆ, 10,000 ರಿಟರ್ನ್ ಖರ್ಚು ಕಳೆದು 3.35 ಲಕ್ಷ. ಒಂದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಇಳಿತ. ನನ್ನ ಹತ್ತಿರ ಬರುವವರಲ್ಲಿ ಸುಮಾರು ಜನ ಈ ಎರಡನೇ ವರ್ಷದಲ್ಲೇ ಬರುತ್ತಾರೆ. ಹೋದ ವರ್ಷ ಚೆನ್ನಾಗಿತ್ತು ಸರ್, ಈ ವರ್ಷ ದುಡ್ಡು ಎಲ್ಲಿ ಹೋಗ್ತಿದೆ ಗೊತ್ತಾಗ್ತಿಲ್ಲ ಅಂತ. ಮೊದಲ ವರ್ಷದ ಲಾಭ ನೋಡಿ ಫ್ರಿಜ್ಜು, ಗ್ರೈಂಡರು ಸಾಲದ ಮೇಲೆ ತಂದಿರುತ್ತಾರೆ.

ಆದರೂ ಹಿಡಿಯಬಹುದು ಅಂದೆ. ಯಾಕೆಂದರೆ 3.35 ಲಕ್ಷ ನಿಮ್ಮ ಈಗಿನ 3 ಲಕ್ಷಕ್ಕಿಂತ ಜಾಸ್ತಿಯೇ, ಮತ್ತು ಬೆಲೆ ಏರಿಸದೆ ಬಂದ ಲೆಕ್ಕ ಅದು. ಏರಿಸಿ ನೋಡೋಣ. ಗಾರ್ಮೆಂಟ್ಸ್‌ಗೆ 35ರ ಬದಲು 37 ಹೇಳಿ. ಕೌಂಟರ್‌ನಲ್ಲಿ ಸರಾಸರಿ ಎರಡೂವರೆ ಪರ್ಸೆಂಟ್ ಏರಿಸಿ. ಎರಡೂ ಸೇರಿ, ಅದರ ಮೇಲಿನ ತೆರಿಗೆ ಕಳೆದು, ಸುಮಾರು 67,000 ಬರುತ್ತದೆ. ಆಗ 4 ಲಕ್ಷ ಮುಟ್ಟುತ್ತೀರಿ. ರೇಟ್ ಏರಿಸಿದ್ದಕ್ಕೆ ನೂರಕ್ಕೆ ಮೂರು ಜನ ಗಿರಾಕಿ ಬಿಟ್ಟುಹೋದರೂ ನಷ್ಟ ಸುಮಾರು 21,000 ಅಷ್ಟೆ.

ಕೌಂಟರ್ ರೇಟ್ ಏರಿಸುವುದರಲ್ಲಿ ಸ್ವಲ್ಪ ನಾಜೂಕು ಬೇಕು. 30 ರೂಪಾಯಿ ಇಡ್ಲಿಗೆ 5% ಅಂದರೆ ಒಂದೂವರೆ ರೂಪಾಯಿ. ಜನ 35 ಮಾಡಿಬಿಡುತ್ತಾರೆ, ಅದು 16%ಕ್ಕೂ ಮೇಲೆ. ಎದುರು ಹೋಟೆಲಿನವನು 20 ಲಕ್ಷದ ಒಳಗಿದ್ದರೆ 30ರಲ್ಲೇ ಇರುತ್ತಾನೆ, ಗಿರಾಕಿ ಅಲ್ಲಿಗೆ ಹೋಗುತ್ತಾನೆ. ಹಾಗಾಗಿ ಎಲ್ಲರೂ ಕೇಳುವ ಇಡ್ಲಿ, ಕಾಫಿ ಮುಟ್ಟಬೇಡಿ. ಮಸಾಲೆ ದೋಸೆ, ಪೂರಿ, ಪಾರ್ಸೆಲ್ ಬಾತ್‌ಗಳಲ್ಲಿ ಎರಡು ಮೂರು ರೂಪಾಯಿ ಏರಿಸಿ. ಸ್ಕ್ಯಾನರ್ ಇರುವುದರಿಂದ 42, 47 ಅಂತ ರೇಟ್ ಇಟ್ಟರೂ ಈಗ ಚಿಲ್ಲರೆ ಜಗಳ ಇಲ್ಲ. ಒಮ್ಮೆಗೇ ಫೆಬ್ರವರಿಯಲ್ಲಿ ಏರಿಸಲು ಹೋಗದೆ ಮೊದಲ ಹತ್ತು ತಿಂಗಳಲ್ಲಿ ಒಂದೊಂದಾಗಿ ಮಾಡಿ.

ಒಂದು ಷರತ್ತು ಇದೆ. 40 ತಿಂಡಿಗೆ ಇನ್ನೊಬ್ಬ ಕೆಲಸದವರು ಬೇಕು ಅಂದರೆ ಈ ಲೆಕ್ಕ ಪೂರ್ತಿ ಬಿದ್ದುಹೋಗುತ್ತದೆ. 4 ಲಕ್ಷದಲ್ಲಿ ನಿಮಗೆ ಉಳಿಯುವುದೇ 1.6 ಲಕ್ಷ. ಅದರಲ್ಲಿ ಒಬ್ಬರ ಸಂಬಳ, ಮೇಲೆ ಇಡೀ ಹೋಟೆಲಿನ ತೆರಿಗೆ ಹೊರಲು ಆಗುವುದಿಲ್ಲ. ಹಾಗಿದ್ದರೆ 80 ತಿಂಡಿಯ ಆರ್ಡರ್ ಕೇಳಿ, ಇಲ್ಲ ಬಿಡಿ. ಮಿತಿಯ ಹತ್ತಿರ ಇರುವವರು ಸ್ವಲ್ಪ ಸ್ವಲ್ಪ ಬೆಳೆಯುವುದೇ ಕೆಟ್ಟದ್ದು. ದಾಟುವುದಾದರೆ ಹಳ್ಳದ ಆಚೆಗೆ ಬೀಳುವಷ್ಟು ದೊಡ್ಡ ಆರ್ಡರ್ ಕೈಯಲ್ಲಿ ಇರಬೇಕು.

ನೋಂದಣಿ ಮಾಡಿಸುವಾಗ ರೆಗ್ಯುಲರ್ ಬೇಕಾ, ಕಾಂಪೋಸಿಷನ್ ಬೇಕಾ ಅನ್ನುವ ಪ್ರಶ್ನೆ ಬರುತ್ತದೆ. ದರ ಎರಡಕ್ಕೂ 5% ಇರುವುದರಿಂದ, ಗಿರಾಕಿಯಿಂದ ತೆರಿಗೆ ವಸೂಲಿ ಮಾಡಬಹುದಲ್ಲ ಅಂತ ರೆಗ್ಯುಲರ್ ಹೇಳುವವರು ಇದ್ದಾರೆ. ನಿಮಗೆ ನಾನು ಕಾಂಪೋಸಿಷನ್ ಹೇಳುತ್ತೇನೆ. ಕಾರಣ ಬಾಡಿಗೆ. 2024ರ ಅಕ್ಟೋಬರ್ 10ರಿಂದ ಒಂದು ನಿಯಮ ಬಂದಿದೆ. ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನಂಬರ್ ಇಲ್ಲದೆ, ಅಂಗಡಿ ಬಾಡಿಗೆಗೆ ಪಡೆದವರಿಗೆ ಇದ್ದರೆ, ಬಾಡಿಗೆಯ ಮೇಲಿನ 18% ತೆರಿಗೆಯನ್ನು ಬಾಡಿಗೆದಾರರೇ ಕಟ್ಟಬೇಕು. ನಿಮ್ಮ 12,000ಕ್ಕೆ ತಿಂಗಳಿಗೆ 2,160, ವರ್ಷಕ್ಕೆ 25,920. ಹೋಟೆಲಿಗೆ ಕ್ರೆಡಿಟ್ ಇಲ್ಲದ್ದರಿಂದ ಅದು ಹೋದ ದುಡ್ಡು. ಕಾಂಪೋಸಿಷನ್‌ನಲ್ಲಿ ಇರುವವರಿಗೆ 2025ರ ಜನವರಿ 16ರಿಂದ ಇದರಿಂದ ಬಿಡುಗಡೆ ಸಿಕ್ಕಿದೆ. ಹೋಟೆಲಿನವರಿಗೆ ಇದು ದೊಡ್ಡ ವ್ಯತ್ಯಾಸ, ಆದರೆ ನೋಂದಣಿ ಮಾಡಿಸಿಕೊಡುವವರಲ್ಲೇ ಎಷ್ಟೋ ಜನ ಇದನ್ನು ಹೇಳುವುದಿಲ್ಲ. ನಿಮ್ಮ ಮಾಲೀಕರಿಗೇ ಜಿಎಸ್‌ಟಿ ನಂಬರ್ ಇದ್ದರೆ ಈ ಮಾತು ಅನ್ವಯಿಸುವುದಿಲ್ಲ, ಮೊದಲು ಅದನ್ನು ಕೇಳಿಕೊಳ್ಳಿ.

ಕಾಂಪೋಸಿಷನ್‌ನಲ್ಲಿ ಬಿಲ್ಲಿನಲ್ಲಿ ತೆರಿಗೆ ಅಂತ ಬೇರೆ ಸಾಲು ಹಾಕುವ ಹಾಗಿಲ್ಲ. ಆದರೆ ತಿಂಡಿಯ ಬೆಲೆಯನ್ನೇ 37 ಮಾಡುವುದಕ್ಕೆ ಅಡ್ಡಿಯಿಲ್ಲ. ಗಾರ್ಮೆಂಟ್ಸ್‌ನವರು ತೆರಿಗೆ ಬಿಲ್ ಬೇಕೇ ಬೇಕು ಅನ್ನುತ್ತಾರಾ ಅಂತ ಮೊದಲೇ ಕೇಳಿ. ಊಟ ತಿಂಡಿಯ ಮೇಲಿನ ತೆರಿಗೆಗೆ ಕಂಪನಿಗಳಿಗೆ ಸಾಮಾನ್ಯವಾಗಿ ಕ್ರೆಡಿಟ್ ಸಿಗುವುದಿಲ್ಲ. ಹಾಗಾಗಿ ಹೆಚ್ಚಿನವರು ಒತ್ತಾಯ ಮಾಡುವುದಿಲ್ಲ. ಕಾನೂನು ಪ್ರಕಾರ ಕ್ಯಾಂಟೀನ್ ಇಡಲೇಬೇಕಾದ ದೊಡ್ಡ ಫ್ಯಾಕ್ಟರಿ ಆದರೆ ಮಾತ್ರ ಅವರಿಗೆ ಕ್ರೆಡಿಟ್ ಸಿಗಬಹುದು. ಆಗ ಅವರು ರೆಗ್ಯುಲರ್ ಬಿಲ್ ಕೇಳಬಹುದು, ನೀವು ಬಾಡಿಗೆಯ ಲೆಕ್ಕ ಇಟ್ಟುಕೊಂಡು ರೇಟ್ ಮಾತಾಡಬೇಕು.

ಕೆಲಸದ ಹೊರೆಯೂ ಕಾಂಪೋಸಿಷನ್‌ನಲ್ಲಿ ಕಮ್ಮಿ. ಮೂರು ತಿಂಗಳಿಗೊಮ್ಮೆ CMP-08 ತುಂಬಿ ತೆರಿಗೆ ಕಟ್ಟುವುದು, ವರ್ಷಕ್ಕೊಮ್ಮೆ GSTR-4. ಮೂರು ತಿಂಗಳ ತೆರಿಗೆ ಒಟ್ಟಿಗೆ 29,000 ಅಂದಾಗ ಕೈಯಲ್ಲಿ ಇರುವುದಿಲ್ಲ, ಅದೇ ದೊಡ್ಡ ಕಷ್ಟ. ದಿನಾ ರಾತ್ರಿ ಗಲ್ಲಾ ಎಣಿಸಿದ ಮೇಲೆ ನೂರಕ್ಕೆ ಐದು ತೆಗೆದು ಬೇರೆ ಖಾತೆಗೆ ಹಾಕುವವರು ಮಾತ್ರ ಇದನ್ನು ನಿರಾಳವಾಗಿ ಕಟ್ಟುವುದನ್ನು ನೋಡಿದ್ದೇನೆ.

ಏಪ್ರಿಲ್ 1ರಿಂದಲೇ ದಿನದ ಮಾರಾಟ ಒಂದು ಪುಸ್ತಕದಲ್ಲಿ ಬರೆಯಿರಿ. ನಗದು ಒಂದು ಕಡೆ, ಸ್ಕ್ಯಾನರ್ ಒಂದು ಕಡೆ, ಗಾರ್ಮೆಂಟ್ಸ್ ಒಂದು ಕಡೆ, ಕೆಳಗೆ ಅಂದಿನವರೆಗಿನ ಒಟ್ಟು. ಮನೆಯ ದುಡ್ಡಿಗೆ, ಚೀಟಿಗೆ ಬೇರೆ ಖಾತೆ ಇರಲಿ, ಅಂಗಡಿ ಸ್ಕ್ಯಾನರ್‌ಗೆ ಅದು ಬರಬಾರದು. ಒಟ್ಟು 18 ಲಕ್ಷ ಆದಾಗ, ಅಂದರೆ ಜನವರಿ ಹೊತ್ತಿಗೆ, ಕಾಗದ ಹೊಂದಿಸಲು ಶುರು ಮಾಡಿ. ಪ್ಯಾನ್, ಆಧಾರ್, ಫೋಟೋ, ಬ್ಯಾಂಕ್ ವಿವರ, ಬಾಡಿಗೆ ಕರಾರು, ಕಟ್ಟಡದ ಕರೆಂಟ್ ಬಿಲ್. ಇದರಲ್ಲಿ ತಡ ಆಗುವುದು ಮಾಲೀಕರ ಕಡೆಯಿಂದಲೇ. ತಮಗೂ ತೆರಿಗೆ ಬೀಳುತ್ತದೇನೋ ಅಂತ ಅವರು ಕರಾರಿಗೆ ಸಹಿ ಹಾಕಲು ಹಿಂದೆ ಮುಂದೆ ನೋಡುತ್ತಾರೆ. 30 ದಿನದ ಗಡುವಿನಲ್ಲಿ ಇಪ್ಪತ್ತು ದಿನ ಅಲ್ಲೇ ಹೋಗಿಬಿಡುತ್ತದೆ. ಮಿತಿ ಮೀರಿದ ದಿನವೇ REG-01 ಅರ್ಜಿ ಹಾಕಿ. ಅದೇ ಅರ್ಜಿಯಲ್ಲಿ ಕಾಂಪೋಸಿಷನ್ ಆಯ್ಕೆ ಇರುತ್ತದೆ, ಮರೆಯದೆ ಟಿಕ್ ಮಾಡಿಸಿ. ಸರ್ಕಾರಕ್ಕೆ ಶುಲ್ಕ ಏನೂ ಇಲ್ಲ. ನಂಬರ್ ಬಂದ ಮೇಲೆ ಅಂಗಡಿಯಲ್ಲಿ ಕಾಣುವ ಹಾಗೆ ಕಾಂಪೋಸಿಷನ್ ವ್ಯಾಪಾರಿ ಅಂತ ಬೋರ್ಡ್ ಹಾಕಬೇಕು, ಬಿಲ್ಲಿನ ಮೇಲೂ ಅದನ್ನು ಬರೆಯಬೇಕು.

ಗಾರ್ಮೆಂಟ್ಸ್‌ನವರು ಒಂದು ವರ್ಷ ಆದಮೇಲೆ ಆರ್ಡರ್ ನಿಲ್ಲಿಸಿಬಿಟ್ಟರೆ ಅನ್ನುವ ಅನುಮಾನ ನಿಮಗೆ ಬರಬಹುದು. ವಹಿವಾಟು ಮತ್ತೆ 20 ಲಕ್ಷದ ಕೆಳಗೆ ಇಳಿದರೆ ನೋಂದಣಿ ರದ್ದಿಗೆ ಅರ್ಜಿ ಹಾಕಬಹುದು. ರದ್ದಾದ ಮೇಲೆ ಕೊನೆಯ ರಿಟರ್ನ್ ಒಂದು ಇರುತ್ತದೆ, ಅದನ್ನು ಮರೆತರೆ ದಿನದ ಲೆಕ್ಕದಲ್ಲಿ ದಂಡ ಬೀಳುತ್ತದೆ. ಈ ಅಪಾಯ ಕಮ್ಮಿ ಮಾಡಿಕೊಳ್ಳಲು ಈಗಲೇ ಅವರ ಹತ್ತಿರ ಎರಡು ವರ್ಷಕ್ಕೆ ಬರವಣಿಗೆಯಲ್ಲಿ ಮಾತು ಪಡೆಯಿರಿ. ಮೊದಲ ವರ್ಷ 36, ಎರಡನೇ ವರ್ಷ 37 ಅಂದರೆ ಒಪ್ಪುವುದು ಸುಲಭ. ಎರಡನೇ ವರ್ಷಕ್ಕೂ 35ರಲ್ಲೇ ನಿಲ್ಲುತ್ತೇವೆ ಅಂದರೆ ನನ್ನ ಸಲಹೆ, ಬಿಟ್ಟುಬಿಡಿ.